ಊರಿನ ಅಪ್ಪನಿಗೆ ಆ್ಯಪ್, ಪೇಟೆಯ ಮಗಳಿಗೆ ಜಾಹೀರಾತು

ಕಾಯಿಲೆ ಇರುವುದು ಸಾಗರದಲ್ಲೋ ತಿಪಟೂರಿನಲ್ಲೋ ಲಿಂಗಸುಗೂರಿನಲ್ಲೋ ಇರುವ, ಎಪ್ಪತ್ತು ದಾಟಿದ ಹಿರಿಯರಿಗೆ. ಜಾಹೀರಾತು ಕಾಣಿಸುವುದು ಬೆಂಗಳೂರು, ಪುಣೆ, ದುಬೈಗಳಲ್ಲಿ ಕೆಲಸಕ್ಕಿರುವ ಅವರ ಮಕ್ಕಳ ಮೊಬೈಲಿನಲ್ಲಿ. ಹಿರಿಯರಿಗೆಂದೇ ಮಾಡಿದ ಟೆಲಿಮೆಡಿಸಿನ್ ಆ್ಯಪ್‌ಗಳ ಪ್ರಚಾರದಲ್ಲಿ ಈ ವಿಚಿತ್ರ ಸದಾ ಇರುತ್ತದೆ. ದುಡ್ಡು ಕಟ್ಟುವವರು ಒಬ್ಬರು, ವೈದ್ಯರ ಮುಂದೆ ಕೂರುವವರು ಇನ್ನೊಬ್ಬರು. ಜಾಹೀರಾತು ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದ ಅವರ ಮಾತು ಅಪ್ಪನ ಬಿಪಿಯನ್ನು ಬಿಟ್ಟು, ದೂರದಲ್ಲಿರುವ ಮಗಳ ಎದೆಯೊಳಗಿನ ಅಳುಕಿನ ಕಡೆಗೆ ಹೊರಳುತ್ತದೆ. ಅಂಥ ಬರಹದ ಒಂದೊಂದು ಸಾಲೂ ಏನನ್ನು ಹೇಳುತ್ತದೆ, ಏನನ್ನು ಬಿಡುತ್ತದೆ, ಕಾನೂನು ಎಷ್ಟಕ್ಕೆ ಒಪ್ಪುತ್ತದೆ ಎಂದು ನೋಡಿದರೆ ದೂರದಿಂದ ಸಿಗುವ ವೈದ್ಯಕೀಯದ ಶಕ್ತಿ ಮತ್ತು ಮಿತಿ ಎರಡೂ ತಿಳಿಯುತ್ತವೆ.

ಇದಕ್ಕಾಗಿ ಯಾವ ಕಂಪನಿಯದೂ ಅಲ್ಲದ ಒಂದು ಮಾದರಿಯನ್ನು ನಾನೇ ಬರೆದುಕೊಂಡಿದ್ದೇನೆ. ಇದರ ಧಾಟಿ ನಿಮಗೆ ಪರಿಚಿತವೇ ಇರುತ್ತದೆ:

“ನೀವು ಬೆಂಗಳೂರಿನಲ್ಲಿ, ಅಪ್ಪ ಊರಿನಲ್ಲಿ. ನಡುರಾತ್ರಿ ಅವರಿಗೆ ಎದೆನೋವು ಬಂದರೆ ಯಾರಿದ್ದಾರೆ? ನಾವಿದ್ದೇವೆ! ದಿನದ 24 ಗಂಟೆಯೂ ವೈದ್ಯರು. ನೀವೇ ಇಲ್ಲಿಂದ ಬುಕ್ ಮಾಡಿ, ಅಪ್ಪ ಏನೂ ಮಾಡಬೇಕಾಗಿಲ್ಲ. ಎಲ್ಲ ಔಷಧಿಯೂ ಮನೆ ಬಾಗಿಲಿಗೆ. ಮೊದಲ ತಿಂಗಳು ಉಚಿತ.” ಕೆಳಗೆ ಎರಡು ಗುಂಡಿ. ದೊಡ್ಡದರಲ್ಲಿ “ಈಗಲೇ ಸೇರಿ”, ಚಿಕ್ಕದರಲ್ಲಿ “ಬೇಡ, ಅಪ್ಪನ ಆರೋಗ್ಯ ಆಮೇಲೆ ನೋಡಿಕೊಳ್ಳುತ್ತೇನೆ.”

ಮೊದಲು ಎದೆನೋವಿನ ಸಾಲು. ಇಡೀ ಬರಹದಲ್ಲಿ ಅತ್ಯಂತ ಪರಿಣಾಮಕಾರಿಯಾದ ಸಾಲೂ ಇದೇ, ಅತ್ಯಂತ ಅಪಾಯಕಾರಿಯಾದದ್ದೂ ಇದೇ. ಎದೆನೋವು ಬಂದವರಿಗೆ ಮೊದಲು ಬೇಕಾಗುವುದು ಇಸಿಜಿ. ಅದು ವಿಡಿಯೋದಲ್ಲಿ ಆಗುವುದಿಲ್ಲ. ಪಾರ್ಶ್ವವಾಯುವಿನ ಕತೆಯೂ ಹೀಗೇ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೆ ಮೊದಲು ತಲೆಯ ಸ್ಕ್ಯಾನ್ ಆಗಲೇಬೇಕು. ಸಣ್ಣ ಊರಿನಿಂದ ಸ್ಕ್ಯಾನ್ ಇರುವ ಆಸ್ಪತ್ರೆ ತಲುಪಲು ಹಿಡಿಯುವ ಹೊತ್ತನ್ನು ಕಳೆದರೆ ಉಳಿಯುವುದು ತೀರ ಕಡಿಮೆ. ಆ ಹೊತ್ತಿನಲ್ಲಿ ಆ್ಯಪ್ ತೆರೆದು, ಒಟಿಪಿ ಹಾಕಿ, ವೈದ್ಯರು ಸಾಲಿನಲ್ಲಿ ಬರುವವರೆಗೆ ಕಾಯುವುದೆಂದರೆ ಇದ್ದ ಅವಕಾಶವನ್ನು ಕೈಯಾರೆ ಕಳೆದುಕೊಂಡಂತೆ. ತುರ್ತು ಸ್ಥಿತಿಯಲ್ಲಿ ದೂರದ ವೈದ್ಯರ ಕೆಲಸ ಪ್ರಥಮ ಚಿಕಿತ್ಸೆಯ ಸಲಹೆ ಕೊಟ್ಟು, ಆದಷ್ಟು ಬೇಗ ನೇರ ಚಿಕಿತ್ಸೆ ಸಿಗುವ ಕಡೆಗೆ ಕಳಿಸುವುದು. ಭಾರತದಲ್ಲಿ ಟೆಲಿಮೆಡಿಸಿನ್‌ಗೆ ಆಧಾರವಾಗಿರುವ 2020ರ ಮಾರ್ಚ್ 25ರ ಮಾರ್ಗಸೂಚಿ ಹೇಳುವುದೂ ಇದನ್ನೇ.

ಹಾಗಾದರೆ ಎದೆನೋವಿನ ಬಗ್ಗೆ ಜಾಹೀರಾತು ಸುಮ್ಮನಿರಬೇಕೇ? ಸುಮ್ಮನಿರಬಾರದು, ತಿರುಗಿಸಿ ಬರೆಯಬೇಕು. “ಎದೆನೋವು, ಉಸಿರಾಟದ ಕಷ್ಟ, ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲು ಸೋಲುವುದು, ಇದ್ದಕ್ಕಿದ್ದಂತೆ ಮಾತು ತೊದಲುವುದು, ಇವುಗಳಿಗೆ ನಮ್ಮನ್ನು ಕಾಯಬೇಡಿ, 108ಕ್ಕೆ ಕರೆ ಮಾಡಿಸಿ.” ಇಲ್ಲಿ ‘ಮಾಡಿಸಿ’ ಎಂದದ್ದು ಬೇಕೆಂದೇ. ದುಬೈಯಲ್ಲಿ ಕೂತು 108 ಒತ್ತಿದರೆ ಸಾಗರದ ಆಂಬುಲೆನ್ಸ್ ಹೊರಡುವುದಿಲ್ಲ. ಬೇರೆ ರಾಜ್ಯದಿಂದ ಒತ್ತಿದರೆ ಕರೆ ಆ ರಾಜ್ಯದ ಕೇಂದ್ರಕ್ಕೆ ಹೋಗುವ ಸಾಧ್ಯತೆಯೇ ಹೆಚ್ಚು. ಊರಿನಲ್ಲಿ, ಮನೆಯ ಹತ್ತಿರದಲ್ಲೇ ಇರುವ, ರಾತ್ರಿ ಎಬ್ಬಿಸಬಹುದಾದ ಇಬ್ಬರ ಫೋನ್ ನಂಬರ್ ಮಕ್ಕಳ ಬಳಿ ಇರಬೇಕು. ಖಾತೆ ತೆರೆಯುವಾಗಲೇ ಆ ಎರಡು ನಂಬರ್ ಕೇಳುವ ಆ್ಯಪ್ ಇದ್ದರೆ, ಅದನ್ನು ಮಾಡಿದವರು ಸಣ್ಣ ಊರಿನ ಮನೆಯನ್ನು ಕಂಡವರೇ ಎಂದು ನಂಬಬಹುದು.

ಇನ್ನು “ಅಪ್ಪ ಏನೂ ಮಾಡಬೇಕಾಗಿಲ್ಲ” ಎಂಬ ಮಾತು. ಮಕ್ಕಳಿಗೆ ಹಿತವಾಗಿ ಕೇಳುತ್ತದೆ, ಆದರೆ ನಿಯಮಕ್ಕೆ ಹೊಂದುವುದಿಲ್ಲ. ರೋಗಿ ತಾನೇ ವೈದ್ಯರನ್ನು ಸಂಪರ್ಕಿಸಿದರೆ ಅವರ ಒಪ್ಪಿಗೆ ಇದೆಯೆಂದೇ ಮಾರ್ಗಸೂಚಿ ಭಾವಿಸುತ್ತದೆ. ಆದರೆ ಆರೈಕೆ ಮಾಡುವ ಬೇರೊಬ್ಬರು, ಅಂದರೆ ಇಲ್ಲಿ ಮಗಳು, ಸಂಪರ್ಕ ಆರಂಭಿಸಿದರೆ ರೋಗಿಯಿಂದ ಸ್ಪಷ್ಟ ಒಪ್ಪಿಗೆ ಬೇಕು. ಅದಕ್ಕೆ ದೊಡ್ಡ ಕಾಗದಪತ್ರ ಬೇಕಿಲ್ಲ. “ಫೋನಿನಲ್ಲಿ ಡಾಕ್ಟರ ಸಲಹೆ ತೆಗೆದುಕೊಳ್ಳಲು ನನ್ನ ಒಪ್ಪಿಗೆ ಇದೆ” ಎಂದು ಅಪ್ಪ ಕರೆಯಲ್ಲೇ ಹೇಳಿದರೆ ಅಥವಾ ಒಂದು ಸಂದೇಶ ಕಳಿಸಿದರೆ ಸಾಕು. ವೈದ್ಯರು ಅದನ್ನು ದಾಖಲೆಯಲ್ಲಿ ಇಡುತ್ತಾರೆ. ರೋಗಿ ಕರೆಯಲ್ಲಿ ಇಲ್ಲದೆಯೇ ಮಗಳು ಅವರ ಪರವಾಗಿ ಮಾತಾಡುವುದಕ್ಕೆ ಇರುವ ದಾರಿ ಕಿರಿದು. ರೋಗಿ ಮರೆವಿನ ಕಾಯಿಲೆಯಂಥ ಕಾರಣದಿಂದ ತಾವೇ ಮಾತಾಡಲಾರದ ಸ್ಥಿತಿಯಲ್ಲಿರಬೇಕು, ಇಲ್ಲವೇ ಆಕೆಯ ಬಳಿ ಅಧಿಕೃತ ಅನುಮತಿಯೋ ಸಂಬಂಧ ತೋರಿಸುವ ದಾಖಲೆಯೋ ಇರಬೇಕು, ಇಲ್ಲವೇ ಹಿಂದೊಮ್ಮೆ ಮುಖತಃ ಭೇಟಿಯಲ್ಲಿ ಅಪ್ಪನೇ ಆಕೆಯನ್ನು ವೈದ್ಯರಿಗೆ ಪರಿಚಯಿಸಿರಬೇಕು.

ಈ ನಿಯಮ ಬರೀ ಕಾಗದದ ಶಾಸ್ತ್ರವಲ್ಲ. ಯಾಕೆಂದು ತಿಳಿಯಲು ಒಂದು ಕಲ್ಪಿತ ಪ್ರಸಂಗವನ್ನು ನೋಡೋಣ.

ಸಾಗರದಲ್ಲಿ 74 ವರ್ಷದ ನಿವೃತ್ತ ಮೇಷ್ಟ್ರು. ಬಿಪಿಗೆ ದಿನಕ್ಕೊಂದು ಅಮ್ಲೋಡಿಪಿನ್, ಸಕ್ಕರೆಗೆ ಮೆಟ್‌ಫಾರ್ಮಿನ್. ಮಗಳು ಬೆಂಗಳೂರಿನಲ್ಲಿ. ಎರಡು ವಾರದಿಂದ ಅಪ್ಪನಿಗೆ ತಲೆಸುತ್ತು. ಮನೆಯ ಡಿಜಿಟಲ್ ಯಂತ್ರದಲ್ಲಿ ಬಿಪಿ 168/94 ಬಂದಿದೆ. ಮಗಳು ಆ್ಯಪ್‌ನಲ್ಲಿ ಹೊತ್ತು ಗೊತ್ತುಮಾಡಿ, ವಿಡಿಯೋ ಕರೆಯಲ್ಲಿ ಅಪ್ಪನನ್ನೂ ವೈದ್ಯರನ್ನೂ ಸೇರಿಸಿದ್ದಾಳೆ. ಬಿಪಿ ಜಾಸ್ತಿಯಾಗಿದೆ, ಮಾತ್ರೆ ಹೆಚ್ಚಿಸಿಕೊಡುತ್ತಾರೆ ಎಂಬುದು ಆಕೆಯ ನಿರೀಕ್ಷೆ.

ವೈದ್ಯರು ಮೊದಲು ಕೇಳುವುದು ಆ ಅಂಕಿ ಹೇಗೆ ಬಂತು ಎಂದು. ಮೇಷ್ಟ್ರು ಪೇಟೆಗೆ ಹೋಗಿ ಬಂದು, ಕಾಫಿ ಕುಡಿಯುತ್ತ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿಕೊಂಡು ನೋಡಿದ್ದಾರೆ. ಹಾಗೆ ನೋಡಿದ ಅಂಕಿಯನ್ನು ನಂಬುವಂತಿಲ್ಲ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಕಳೆದಿರಬೇಕು. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದ ನೆಲಕ್ಕೂರಿ, ಕಾಲು ಅಡ್ಡ ಹಾಕದೆ ಐದು ನಿಮಿಷ ಸುಮ್ಮನೆ ಕೂರಬೇಕು. ಪಟ್ಟಿ ಬರಿಯ ತೋಳಿನ ಮೇಲೆ, ಎದೆಯ ಮಟ್ಟದಲ್ಲಿ ಇರಬೇಕು. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. ಹೀಗೆ ಮಾಡಿಸಿದಾಗ ಮೇಷ್ಟ್ರಿಗೆ ಬರುವುದು 142/84. ವೈದ್ಯರು ಅಲ್ಲಿಗೇ ಬಿಡುವುದಿಲ್ಲ. “ಮೇಷ್ಟ್ರೇ, ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಂಡು ಎದ್ದು ನಿಲ್ಲಿ, ಇನ್ನೊಮ್ಮೆ ನೋಡೋಣ” ಎನ್ನುತ್ತಾರೆ. ನಿಂತು ಮೂರು ನಿಮಿಷದೊಳಗೆ ನೋಡಿದಾಗ ಮೇಲಿನ ಅಂಕಿ 116ಕ್ಕೆ ಇಳಿದಿರುತ್ತದೆ. ಎದ್ದು ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಕೆಳಗಿನದು 10 ಅಥವಾ ಹೆಚ್ಚು ಇಳಿದರೆ ಅದು ಗಮನಿಸಲೇಬೇಕಾದ ಕುಸಿತ. ವಯಸ್ಸಾದವರು ರಾತ್ರಿ ಬಚ್ಚಲಿಗೆಂದು ಎದ್ದಾಗ ಬೀಳುವುದಕ್ಕೆ ಇದೊಂದು ದೊಡ್ಡ ಕಾರಣ. ಮಗಳ ನಿರೀಕ್ಷೆಯಂತೆ ಬಿಪಿ ಮಾತ್ರೆ ಹೆಚ್ಚಿಸಿದ್ದರೆ ತಲೆಸುತ್ತು ಇನ್ನಷ್ಟಾಗುತ್ತಿತ್ತು.

ಈಗ ಕಾರಣ ಹುಡುಕಬೇಕು. ಬೇರೆ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದರೆ ಮೇಷ್ಟ್ರು “ಇಲ್ಲ” ಎನ್ನುತ್ತಾರೆ. ವೈದ್ಯರು ಅನುಭವಸ್ಥರಾದರೆ, ಎರಡು ನಿಮಿಷ ಕರೆಯಿಂದ ಹೊರಗಿರಲು ಮಗಳನ್ನು ಕೇಳುತ್ತಾರೆ. ಆಗ ವಿಷಯ ಹೊರಬರುತ್ತದೆ. ಮೂತ್ರ ಸರಿಯಾಗಿ ಹೋಗುತ್ತಿಲ್ಲವೆಂದು ತಿಂಗಳ ಹಿಂದೆ ಮೇಷ್ಟ್ರು ಇನ್ನೊಬ್ಬ ವೈದ್ಯರನ್ನು ಕಂಡಿದ್ದಾರೆ, ಟ್ಯಾಮ್ಸುಲೋಸಿನ್ ಎಂಬ ಮಾತ್ರೆ ನಡೆಯುತ್ತಿದೆ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಈ ಮಾತ್ರೆ ಕೆಲವರಲ್ಲಿ ಎದ್ದು ನಿಂತಾಗ ಬಿಪಿ ಇಳಿಸುತ್ತದೆ, ಬಿಪಿ ಮಾತ್ರೆಯೂ ಜೊತೆಗಿದ್ದರೆ ಇನ್ನೂ ಹೆಚ್ಚು. ಮಗಳ ಎದುರು ಈ ಮಾತು ಎತ್ತಲು ಅವರಿಗೆ ಸಂಕೋಚ. ಆಕೆ ಕರೆಯಲ್ಲಿ ಇದ್ದಿದ್ದರೂ, ಅಥವಾ ಅಪ್ಪನೇ ಇಲ್ಲದೆ ಆಕೆಯೊಬ್ಬಳೇ ಮಾತಾಡಿದ್ದರೂ, ಇದು ಗೊತ್ತಾಗುತ್ತಿರಲಿಲ್ಲ. ವೈದ್ಯರು ಈಗ ಮಾತ್ರೆ ಕೊಟ್ಟವರಿಗೆ ತೋರಿಸಲು ಒಂದು ಟಿಪ್ಪಣಿ ಬರೆದು, ಅವರನ್ನು ಇದೇ ವಾರ ಕಾಣಲು ಹೇಳುತ್ತಾರೆ. ಮಂಚದಿಂದ ಏಳುವಾಗ ಮೊದಲು ಅಂಚಿನಲ್ಲಿ ಕೂತು, ಸ್ವಲ್ಪ ಹೊತ್ತು ಬಿಟ್ಟು ನಿಲ್ಲುವುದನ್ನು ಕಲಿಸುತ್ತಾರೆ. ಒಂದು ವಾರ ಬೆಳಿಗ್ಗೆ, ಸಂಜೆ ಕೂತೂ ನಿಂತೂ ಬಿಪಿ ಬರೆದಿಡಲು ಹೇಳುತ್ತಾರೆ. ಹೊಸ ಮಾತ್ರೆ ಒಂದೂ ಬರೆಯದೆ ಕರೆ ಮುಗಿಯುತ್ತದೆ.

ಟೆಲಿಮೆಡಿಸಿನ್ ಚೆನ್ನಾಗಿ ಮಾಡಬಲ್ಲ ಕೆಲಸ ಇದು. ಹಳೆಯ ಕಾಯಿಲೆಯ ಮೇಲೆ ಕಣ್ಣಿಡುವುದು, ಮನೆಯಲ್ಲಿ ಅಳೆದ ಅಂಕಿಗಳನ್ನು ಓದುವುದು, ನಾಲ್ಕು ಕಡೆ ಬರೆಸಿಕೊಂಡ ಮಾತ್ರೆಗಳನ್ನು ಒಂದೇ ಕಡೆ ಇಟ್ಟು ನೋಡುವುದು. ಕರೆಗೆ ಮೊದಲು ಮನೆಯಲ್ಲಿರುವ ಎಲ್ಲ ಮಾತ್ರೆಯ ಪಟ್ಟಿಗಳನ್ನೂ ಮೇಜಿನ ಮೇಲೆ ಹರಡಿ ಒಂದು ಫೋಟೋ ತೆಗೆದು ಕಳಿಸಿದರೆ ಅರ್ಧ ಕೆಲಸ ಮುಗಿದಂತೆ. ಆದರೆ ಸಕ್ಕರೆ ಕಾಯಿಲೆಯವರ ಪಾದದ ಸ್ಪರ್ಶಜ್ಞಾನ, ಹೊಟ್ಟೆಯ ಗಟ್ಟಿತನ, ಶ್ವಾಸಕೋಶದ ಸದ್ದು, ಇವು ಮುಟ್ಟದೆ, ಸ್ಟೆಥಾಸ್ಕೋಪ್ ಇಡದೆ ತಿಳಿಯುವುದಿಲ್ಲ. ಇಷ್ಟನ್ನು ಜಾಹೀರಾತಿನಲ್ಲಿ ಎರಡೇ ಸಾಲಿನಲ್ಲಿ ಬರೆಯಬಹುದು. ಬರೆದವರನ್ನು ಕಂಡದ್ದು ಕಡಿಮೆ.

“ಎಲ್ಲ ಔಷಧಿಯೂ ಮನೆ ಬಾಗಿಲಿಗೆ” ಎಂಬುದು ಮುಂದಿನ ಸಾಲು. ಮಾರ್ಗಸೂಚಿ ಔಷಧಿಗಳನ್ನು ಬೇರೆ ಬೇರೆ ಪಟ್ಟಿಗಳಲ್ಲಿ ಇಟ್ಟಿದೆ. ಜ್ವರದ ಪ್ಯಾರಸಿಟಮಾಲ್‌ನಂಥವನ್ನು ಫೋನಿನಲ್ಲಿ ಮಾತಾಡಿಯೂ ಸೂಚಿಸಬಹುದು. ಬಿಪಿ, ಸಕ್ಕರೆಯಂಥ ಹಳೆಯ ಕಾಯಿಲೆಗೆ ಈಗಾಗಲೇ ನಡೆಯುತ್ತಿರುವ ಮಾತ್ರೆಯನ್ನು ಮುಂದುವರಿಸಲು ಬರೆದುಕೊಡಬಹುದು. ಹೊಸ ವೈದ್ಯರಾದರೆ ಮೊದಲ ಸಲ ವಿಡಿಯೋದಲ್ಲಿ ನೋಡಿರಬೇಕು. ಅದೇ ಕಾಯಿಲೆಗೆ ಇನ್ನೊಂದು ಮಾತ್ರೆ ಸೇರಿಸಬೇಕೆಂದರೆ, ಆ ಕಾಯಿಲೆಗೆ ಮೊದಲೊಮ್ಮೆ ಮುಖತಃ ಪರೀಕ್ಷೆ ಮಾಡಿದ್ದು, ಇದು ಅದರ ಮುಂದುವರಿದ ಭೇಟಿಯಾಗಿರಬೇಕು. ಇನ್ನು ಕೆಲವನ್ನು ಬರೆಯುವಂತೆಯೇ ಇಲ್ಲ. ಮಾದಕವಸ್ತು ಮತ್ತು ಮನೋಉತ್ತೇಜಕಗಳ ಕಾಯಿದೆಯಡಿ ಬರುವ ಔಷಧಿಗಳು ಆ ನಿಷೇಧಿತ ಗುಂಪಿನವು.

ಇದು ಹಿರಿಯರ ಮನೆಗಳಲ್ಲಿ ಹೆಚ್ಚು ತಟ್ಟುವ ಮಾತು. ನಿದ್ದೆಗೆಂದು ಅಲ್ಪ್ರಜೋಲಮ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತ ಬಂದ ಅಜ್ಜ, ಅಜ್ಜಿಯರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಆ ಮಾತ್ರೆ ಮೇಲಿನ ಕಾಯಿದೆಯ ಪಟ್ಟಿಯಲ್ಲಿದೆ. “ಎಲ್ಲ ಔಷಧಿಯೂ” ಎಂಬ ಮಾತನ್ನು ನಂಬಿ ಊರಿನ ವೈದ್ಯರ ಹತ್ತಿರ ಹೋಗುವುದನ್ನು ಬಿಟ್ಟರೆ, ಮಾತ್ರೆ ಮುಗಿದ ದಿನ ಆ್ಯಪ್‌ನ ವೈದ್ಯರು ಬರೆಯಲಾರೆ ಎನ್ನುತ್ತಾರೆ. ಬಹುಕಾಲ ತೆಗೆದುಕೊಂಡ ಇಂಥ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ನಿದ್ದೆಗೆಡುವುದಷ್ಟೇ ಅಲ್ಲ, ತಳಮಳ, ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಅದನ್ನು ಬಿಡಿಸುವುದಾದರೂ ಕಂತು ಕಂತಾಗಿ, ಪರಿಚಿತ ವೈದ್ಯರ ಕಣ್ಣಳತೆಯಲ್ಲೇ ಆಗಬೇಕು. ಆ್ಯಪ್ ತೆಗೆದುಕೊಂಡರೂ ಊರಿನ ವೈದ್ಯರನ್ನು ಬಿಡಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ವೈದ್ಯರ ಬಗ್ಗೆ ಜಾಹೀರಾತು ಏನು ಹೇಳಬಹುದು ಎಂಬುದಕ್ಕೂ ಗೆರೆಯಿದೆ. ಬಿಳಿ ಕೋಟಿನ ವೈದ್ಯರೊಬ್ಬರು ನಗುತ್ತ “ನಿಮ್ಮ ತಂದೆಯನ್ನು ನನಗೆ ಬಿಡಿ” ಎನ್ನುವ ಚಿತ್ರ ಬರೆಯುವವರಿಗೆ ಸಲೀಸು. ಆದರೆ ನೋಂದಾಯಿತ ವೈದ್ಯರು ಜಾಹೀರಾತು ಅಥವಾ ಆಮಿಷದ ಮೂಲಕ ಟೆಲಿಮೆಡಿಸಿನ್‌ಗೆ ರೋಗಿಗಳನ್ನು ಕರೆಯುವಂತಿಲ್ಲ ಎಂದು ಮಾರ್ಗಸೂಚಿ ನೇರವಾಗಿ ಹೇಳುತ್ತದೆ. ಆ್ಯಪ್ ಮಾತ್ರ ತನ್ನಲ್ಲಿರುವ ಪ್ರತಿಯೊಬ್ಬ ವೈದ್ಯರ ಹೆಸರು, ಓದು, ನೋಂದಣಿ ಸಂಖ್ಯೆಗಳನ್ನು ಬಳಕೆದಾರರಿಗೆ ತೋರಿಸಲೇಬೇಕು. ಆ ಸಂಖ್ಯೆ ಔಷಧ ಚೀಟಿಯ ಮೇಲೂ ಇರಬೇಕು. ಹೆಸರಾಂತ ವೈದ್ಯರು ಎಂಬ ವಿಶೇಷಣಕ್ಕಿಂತ ಈ ಸಂಖ್ಯೆ ದೊಡ್ಡದು, ಏಕೆಂದರೆ ಅದನ್ನು ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಹುಡುಕಿ ನೋಡಬಹುದು. ಕನ್ನಡದಲ್ಲಿ ಮಾತಾಡುವ ವೈದ್ಯರಿದ್ದಾರೆ ಎಂದು ಬರೆದಿದ್ದರೆ, ದಿನದ ಯಾವ ಹೊತ್ತಿಗೆ ಇರುತ್ತಾರೆ ಎಂದೂ ಕೇಳಬೇಕು. ದೇಶದ ಯಾವ ಮೂಲೆಯ ವೈದ್ಯರಾದರೂ ಇನ್ನೊಂದು ಮೂಲೆಯವರಿಗೆ ಸಲಹೆ ಕೊಡಬಹುದಾದ್ದರಿಂದ, 24 ಗಂಟೆಯೂ ವೈದ್ಯರು ಇರುತ್ತಾರೆ ಎಂಬುದು 24 ಗಂಟೆಯೂ ಕನ್ನಡ ಬಲ್ಲವರು ಇರುತ್ತಾರೆ ಎಂಬ ಭರವಸೆಯಾಗುವುದಿಲ್ಲ.

ಉಳಿದದ್ದು ದುಡ್ಡಿನ ಮಾತು. ಗ್ರಾಹಕರ ದಾರಿ ತಪ್ಪಿಸುವ ಜಾಹೀರಾತುಗಳ ಮೇಲೆ 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ನಿಯಮಗಳಲ್ಲಿ ‘ಉಚಿತ’ ಎಂಬ ಮಾತಿಗೇ ಕಟ್ಟುಪಾಡಿದೆ. ಪ್ರತಿಕ್ರಿಯಿಸುವ ಅಥವಾ ವಸ್ತು ತಲುಪಿಸುವ ಅನಿವಾರ್ಯ ಖರ್ಚು ಬಿಟ್ಟು ಬೇರೆ ಏನನ್ನಾದರೂ ಕಟ್ಟಬೇಕೆಂದರೆ ಅದನ್ನು ಉಚಿತ ಎನ್ನುವಂತಿಲ್ಲ. ಷರತ್ತಿನ ಸಾಲು ಜಾಹೀರಾತು ಯಾವ ಭಾಷೆಯಲ್ಲಿದೆಯೋ ಅದೇ ಭಾಷೆಯಲ್ಲಿ ಇರಬೇಕು. ಮೇಲೆ ಕನ್ನಡದಲ್ಲಿ ಅಕ್ಕರೆಯ ಮಾತು, ಕೆಳಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಷರತ್ತು ಎಂದರೆ ನಡೆಯದು. ಮೊದಲ ತಿಂಗಳು ಉಚಿತವೆಂದು ಕಾರ್ಡಿನ ವಿವರ ಪಡೆದು, ಎರಡನೆಯ ತಿಂಗಳಿಂದ ತಾನಾಗಿ ಹಣ ಕತ್ತರಿಸಿ, ನಿಲ್ಲಿಸುವ ದಾರಿಯನ್ನು ಅಡಗಿಸಿಡುವುದು ‘ಚಂದಾ ಬಲೆ’. 2023ರ ನವೆಂಬರ್ 30ರ ಇನ್ನೊಂದು ಮಾರ್ಗಸೂಚಿ ಹೆಸರಿಸಿರುವ 13 ವಂಚನೆಯ ವಿನ್ಯಾಸಗಳಲ್ಲಿ ಅದೂ ಒಂದು. ನಮ್ಮ ಮಾದರಿಯ ಆ ಚಿಕ್ಕ ಗುಂಡಿಯೂ ಅದೇ ಪಟ್ಟಿಗೆ ಸೇರುತ್ತದೆ. ಬೇಡ ಎನ್ನುವವರ ಬಾಯಲ್ಲಿ “ಅಪ್ಪನ ಆರೋಗ್ಯ ಆಮೇಲೆ ನೋಡಿಕೊಳ್ಳುತ್ತೇನೆ” ಎಂದು ಹೇಳಿಸಿ, ಅಪರಾಧಿ ಭಾವ ಹುಟ್ಟಿಸಿ ದುಡ್ಡು ಕಟ್ಟಿಸಿಕೊಳ್ಳುವುದಕ್ಕೆ ಅಲ್ಲಿ ನಿಷೇಧವಿದೆ. ದೂರದಲ್ಲಿರುವ ಮಕ್ಕಳಿಗೆ ಈ ನೋವು ಮೊದಲೇ ಇರುತ್ತದೆ. ಅದನ್ನು ಕೆದಕಿ ವ್ಯಾಪಾರ ಮಾಡುವುದು ಕಾನೂನಿಗೆ ಮೊದಲು ಮನುಷ್ಯತ್ವಕ್ಕೇ ಒಪ್ಪದು.

ಹಣ ಕಟ್ಟುವ ಮುಂಚೆ ಇನ್ನೊಂದನ್ನು ತಿಳಿದಿರಬೇಕು. ಸರ್ಕಾರದ ಇ-ಸಂಜೀವಿನಿ ಸೇವೆ ನಿಜವಾಗಿಯೂ ಉಚಿತ. ಮನೆಯಿಂದಲೇ ವೈದ್ಯರ ಜೊತೆ ಮಾತಾಡುವ ದಾರಿ 2020ರ ಏಪ್ರಿಲ್‌ನಿಂದ ಇದೆ. ಮೊಬೈಲ್ ಹಿಡಿಯಲು ತಡವರಿಸುವ ಹಿರಿಯರಿಗೆ ಅದರ ಎರಡನೆಯ ದಾರಿ ಹೆಚ್ಚು ಒಗ್ಗುತ್ತದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಪಕ್ಕದಲ್ಲೇ ಕೂತು, ಬಿಪಿ ನೋಡಿ, ದೂರದ ವೈದ್ಯರಿಗೆ ಕರೆ ಸೇರಿಸುತ್ತಾರೆ. ಪಕ್ಕದಲ್ಲಿ ಒಬ್ಬರು ಇದ್ದರೆ ಮೇಷ್ಟ್ರನ್ನು ಎದ್ದು ನಿಲ್ಲಿಸಿ ಬಿಪಿ ನೋಡುವಂಥ ಕೆಲಸ ಸುರಕ್ಷಿತವಾಗಿ ಆಗುತ್ತದೆ. ಖಾಸಗಿ ಆ್ಯಪ್ ದುಡ್ಡು ಕೇಳುವುದಾದರೆ ಅದಕ್ಕಿಂತ ಏನು ಹೆಚ್ಚು ಕೊಡುತ್ತದೆ ಎಂದು ಬರೆಯಬೇಕು. ಪ್ರತಿಸಲ ಅದೇ ವೈದ್ಯರೇ? ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವವರು ಸಾಗರದಲ್ಲಿ ಇದ್ದಾರೆಯೇ, ಅಥವಾ ಶಿವಮೊಗ್ಗದವರೆಗೆ ಮಾತ್ರವೇ?

ಇಷ್ಟನ್ನು ಮನಸ್ಸಿನಲ್ಲಿಟ್ಟು ಅದೇ ಮಾದರಿಯನ್ನು ಮತ್ತೆ ಬರೆದರೆ ಹೀಗಾಗುತ್ತದೆ:

“ಊರಿನಲ್ಲಿರುವ ಅಪ್ಪ, ಅಮ್ಮನ ಬಿಪಿ, ಸಕ್ಕರೆಯ ತಪಾಸಣೆಗೆ ತಿಂಗಳಿಗೊಮ್ಮೆ ಅದೇ ವೈದ್ಯರು, ಕನ್ನಡದಲ್ಲಿ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ನೀವು ಹೊತ್ತು ಗೊತ್ತುಮಾಡಬಹುದು, ಆದರೆ ವೈದ್ಯರು ಮಾತಾಡುವುದು ಅಪ್ಪನ ಜೊತೆ. ಅವರಿಗೆ ಒಬ್ಬರೇ ಮಾತಾಡಲು ಸಮಯ ಕೊಡುತ್ತೇವೆ. ಎದೆನೋವು, ಉಸಿರಾಟದ ಕಷ್ಟ, ಪಾರ್ಶ್ವವಾಯುವಿನ ಲಕ್ಷಣವಿದ್ದರೆ ನಮ್ಮನ್ನು ಕಾಯಬೇಡಿ, 108ಕ್ಕೆ ಕರೆ ಮಾಡಿಸಿ. ನಿದ್ದೆ ಮಾತ್ರೆಯಂಥ ಕೆಲವು ಔಷಧಿಗಳನ್ನು ನಾವು ಬರೆಯುವಂತಿಲ್ಲ. ಊರಿನ ವೈದ್ಯರನ್ನು ಬಿಡಬೇಡಿ, ನಮ್ಮ ಚೀಟಿಯನ್ನು ಅವರಿಗೂ ತೋರಿಸಿ. ತಿಂಗಳ ಶುಲ್ಕ ಇಷ್ಟು. ಬೇಡವೆನಿಸಿದರೆ ಒಂದೇ ಗುಂಡಿಯಲ್ಲಿ ನಿಲ್ಲಿಸಬಹುದು.” ಕೆಳಗಿನ ಗುಂಡಿಗಳಲ್ಲಿ “ಸೇರುತ್ತೇನೆ”, “ಬೇಡ”.

ಕಂಪನಿಯವರು ಇದನ್ನು ಓದಿ, ಮೊದಲು ತೆಗೆಯಿರಿ ಎನ್ನುವುದು 108ರ ಸಾಲನ್ನು. ಗಿರಾಕಿ ಹೆದರಿ ಹಿಂದೆ ಸರಿಯುತ್ತಾನೆ ಎಂಬುದು ಅವರ ಲೆಕ್ಕ. ನನ್ನ ಲೆಕ್ಕ ಬೇರೆ. ತನ್ನ ಕೈಯಲ್ಲಿ ಆಗದ್ದನ್ನು ಮೊದಲೇ ಹೇಳಿದ ಸೇವೆ, ಆಗುತ್ತದೆ ಎಂದದ್ದನ್ನೂ ಮಾಡೀತು ಎಂದು ಮಗಳು ನಂಬಬಹುದು. ಆ ಸಾಲು ಇಲ್ಲದ ಬರಹ ನಿಮ್ಮ ಮೊಬೈಲಿಗೆ ಬಂದರೆ, ಎದೆನೋವಿಗೆ ತಾವೇ ಸಾಕು ಎಂಬಂತೆ ಅದು ಹೇಳುತ್ತಿದ್ದರೆ, ದಿನಾಂಕ ಕಾಣುವಂತೆ ಪರದೆಯ ಚಿತ್ರ ತೆಗೆದಿಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಹಣ ಕಡಿತವಾದ ಸಂದೇಶ, ಚಂದಾ ನಿಲ್ಲಿಸಲು ನೀವು ಕಳಿಸಿದ ಮನವಿ, ಔಷಧ ಚೀಟಿಯ ಪ್ರತಿ ಜೊತೆಗಿದ್ದರೆ ದೂರಿಗೆ ಬಲ ಬರುತ್ತದೆ.